12ನೇ ಕ್ಲಾಸ್ ಬಯಾಲಜಿ ವರ್ಕ್‌ಶೀಟ್: ನನ್ನ ಎಂಆರ್‌ಎನ್‌ಎಯಲ್ಲಿ AUG ಸಿಗ್ತಾನೇ ಇಲ್ಲ, ಯಾರಾದ್ರೂ ನೋಡ್ತೀರಾ?

ಮೇಘನಾ_ಬಯೋ

ಎಲ್ರಿಗೂ ನಮಸ್ಕಾರ. ನಮಗೆ ಒಂದು ವರ್ಕ್‌ಶೀಟ್ ಕೊಟ್ಟಿದಾರೆ, ಒಂದೇ ತುಂಡು ಡಿಎನ್‌ಎ ಇಟ್ಕೊಂಡು ರೆಪ್ಲಿಕೇಷನ್, ಟ್ರಾನ್ಸ್‌ಕ್ರಿಪ್ಷನ್, ಟ್ರಾನ್ಸ್‌ಲೇಷನ್ ಮೂರೂ ಮಾಡ್ಬೇಕು, ಕೊನೇಲಿ ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಬಾಣ ಹಾಕಿ ಲೇಬಲ್ ಮಾಡಿದ ಚಿತ್ರನೂ ಬರೀಬೇಕು. ಡಿಎನ್‌ಎ ಇದು:

```
ಮೇಲಿನ ಎಳೆ   5'-GCATGGCATTCTGGTAACC-3'
ಕೆಳಗಿನ ಎಳೆ  3'-CGTACCGTAAGACCATTGG-5'
```

ಎಡಗಡೆ "ಪ್ರೊಮೋಟರ್" ಅಂತ ಒಂದು ಡಬ್ಬಿ ಬರೆದಿದಾರೆ ಅಷ್ಟೆ, ಟೆಂಪ್ಲೇಟ್ ಯಾವುದು ಅಂತ ಎಲ್ಲೂ ಹೇಳಿಲ್ಲ. ನಾನು ಮೇಲಿನ ಎಳೆ ತಗೊಂಡು ಅದರ ಕೆಳಗೆ ಜೋಡಿ ಬೇಸ್ ಬರೀತಾ ಹೋದೆ, CGUACCGUAAGACCAUUGG ಅಂತ ಬಂತು. ಇದರಲ್ಲಿ ಎಲ್ಲಿ ಹುಡುಕಿದ್ರೂ AUG ಇಲ್ಲ. ನನ್ನ ಫ್ರೆಂಡ್‌ಗೆ ನಾಲ್ಕು ಅಮೈನೋ ಆಮ್ಲ ಬಂದಿದೆ, ಇನ್ನೊಬ್ಬಳಿಗೆ ಆರು ಬಂದಿದೆ. ಮೂರು ಜನಕ್ಕೆ ಮೂರು ಉತ್ತರ ಹೇಗೆ ಬರುತ್ತೆ? ಬರೀ ಉತ್ತರ ಬೇಡ, ಯಾವ ಎಳೆ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು ಅದು ಬೇಕು.

ರಾಘು_ಎಸ್

ಸಿಂಪಲ್. 3' ಇಂದ 5' ಕಡೆಗೆ ಇರೋ ಎಳೆನೇ ಟೆಂಪ್ಲೇಟ್. ಕೆಳಗಿನದು 3' ಇಂದ ಶುರುವಾಗ್ತಿದೆ, ಹಾಗಾಗಿ ಕೆಳಗಿನದು. ಮೇಲಿನದನ್ನ ಯಾವತ್ತೂ ಮುಟ್ಟಬೇಡ, ಅದು ಕೋಡಿಂಗ್ ಎಳೆ, ಸುಮ್ನೆ ಇರುತ್ತೆ.

ಕಿರಣ್

+1 ಕೆಳಗಿನದು

ಹರ್ಷ_ಮಾಲಿಕ್ಯುಲರ್

ರಾಘು, ಉತ್ತರ ಸರಿ, ಆದ್ರೆ ಕಾರಣ ಅರ್ಧಂಬರ್ಧ. "3' ಇಂದ 5' ಕಡೆಗೆ ಇರೋ ಎಳೆ" ಅಂತ ಒಂದು ಎಳೆ ಇಲ್ವೇ ಇಲ್ಲ. ಪೇಪರ್‌ನ ತಲೆಕೆಳಗೆ ತಿರುಗಿಸಿ ಹಿಡ್ಕೊಂಡು ನೋಡು, ಮೇಲಿನ ಎಳೆ ಕೆಳಗೆ ಬರುತ್ತೆ, ಅದರ 3' ತುದಿ ಎಡಕ್ಕೆ ಬರುತ್ತೆ. ಈಗ ಟೆಂಪ್ಲೇಟ್ ಬದಲಾಗಿಬಿಡ್ತಾ? ಡಿಎನ್‌ಎ ಅದೇ ಇದೆಯಲ್ಲಪ್ಪ. ಪ್ರತಿ ಎಳೆಗೂ ಒಂದು ಕಡೆ 5', ಇನ್ನೊಂದು ಕಡೆ 3' ಇದ್ದೇ ಇರುತ್ತೆ.

ನಿರ್ಧಾರ ಮಾಡೋದು ಪ್ರೊಮೋಟರ್. ಆರ್‌ಎನ್‌ಎ ಪಾಲಿಮರೇಸ್ ಅಲ್ಲಿ ಕೂತ್ಕೊಂಡು ಅಲ್ಲಿಂದ ಹೊರಡುತ್ತೆ. ಇಲ್ಲಿ ಪ್ರೊಮೋಟರ್ ಎಡಕ್ಕಿದೆ, ಹಾಗಾದ್ರೆ ಕಿಣ್ವ ಎಡದಿಂದ ಬಲಕ್ಕೆ ಹೋಗುತ್ತೆ. ಅದು ಹೊಸ ಆರ್‌ಎನ್‌ಎಯನ್ನ 5' ಇಂದ 3' ಕಡೆಗೆ ಮಾತ್ರ ಬೆಳೆಸುತ್ತೆ, ಅಂದ್ರೆ ಆರ್‌ಎನ್‌ಎಯ 5' ಎಡಗಡೆ ಬರ್ಬೇಕು. ಅದಕ್ಕೆ ವಿರುದ್ಧ ದಿಕ್ಕಲ್ಲಿ ಜೋಡಿಯಾಗೋ ಎಳೆಗೆ ಎಡಗಡೆ 3' ಇರ್ಬೇಕು. ಆ ಕಾರಣಕ್ಕೆ ಕೆಳಗಿನದು. ಪ್ರೊಮೋಟರ್ ಡಬ್ಬಿನ ಬಲಗಡೆ ಬರೆದಿದ್ರೆ ಇದೇ ಡಿಎನ್‌ಎಯಲ್ಲಿ ಮೇಲಿನ ಎಳೆ ಟೆಂಪ್ಲೇಟ್ ಆಗ್ತಿತ್ತು.

ರಾಘು_ಎಸ್

ಪರೀಕ್ಷೇಲಿ ಯಾರೂ ಪೇಪರ್ ತಿರುಗಿಸಲ್ಲ ಗುರು. 3' ಎಡಕ್ಕಿರೋದು ಟೆಂಪ್ಲೇಟ್ ಅಂತ ನೆನಪಿಟ್ರೆ ಸಾಕು.

ಹರ್ಷ_ಮಾಲಿಕ್ಯುಲರ್

ಪ್ರಶ್ನೆ ಬರೆಯೋರು ತಿರುಗಿಸ್ತಾರಲ್ಲ. ಒಂದೇ ಎಳೆ ಕೊಟ್ಟು 5' ನ ಬಲಗಡೆ ಬರೆದುಬಿಡ್ತಾರೆ, ಆಗ ನಿನ್ನ ರೂಲ್ ಏನಾಗುತ್ತೆ? ಒಂದು ಕ್ರೋಮೋಸೋಮ್ ಮೇಲೆ ಅಕ್ಕಪಕ್ಕದ ಎರಡು ಜೀನ್ ಇದ್ರೆ ಒಂದಕ್ಕೆ ಈ ಎಳೆ ಟೆಂಪ್ಲೇಟ್, ಪಕ್ಕದ್ದಕ್ಕೆ ಆ ಎಳೆ ಟೆಂಪ್ಲೇಟ್ ಆಗಿರಬಹುದು. ಟೆಂಪ್ಲೇಟ್ ಅನ್ನೋ ಹೆಸರು ಜೀನ್‌ಗೆ ಸೇರಿದ್ದು, ಇಡೀ ಎಳೆಗಲ್ಲ.

ತೌಸೀಫ್

ಎರಡೂ ಎಳೆ ಟೆಂಪ್ಲೇಟ್ ಆಗುತ್ತೆ ಅಲ್ವಾ? ಅದನ್ನೇ ಅಲ್ವಾ ಸೆಮಿ ಕನ್ಸರ್ವೇಟಿವ್ ಅನ್ನೋದು, 1958ರಲ್ಲಿ ಮೆಸೆಲ್ಸನ್ ಮತ್ತೆ ಸ್ಟಾಲ್ ಭಾರದ ನೈಟ್ರೋಜನ್ ಹಾಕಿ ತೋರಿಸಿದ್ರಲ್ಲ, ಒಂದು ಜನರೇಷನ್ ಆದ್ಮೇಲೆ ಸೆಂಟ್ರಿಫ್ಯೂಜಲ್ಲಿ ಮಧ್ಯದಲ್ಲಿ ಒಂದೇ ಬ್ಯಾಂಡ್ ಬಂತು, ಎರಡನೇ ಜನರೇಷನ್‌ಗೆ ಮಧ್ಯದ್ದು ಅರ್ಧ, ಹಗುರದ್ದು ಅರ್ಧ. ಯಾಕೆ ಎಲ್ರೂ ಒಂದೇ ಎಳೆ ಅಂತಿದೀರ?

ಮೇಷ್ಟ್ರು

ತೌಸೀಫ್, ನೀವು ಹೇಳಿದ್ದು ರೆಪ್ಲಿಕೇಷನ್‌ಗೆ ಪೂರ್ತಿ ನಿಜ, ಆದರೆ ಮೇಘನಾ ಕೇಳ್ತಿರೋದು ಟ್ರಾನ್ಸ್‌ಕ್ರಿಪ್ಷನ್ ಬಗ್ಗೆ. ರೆಪ್ಲಿಕೇಷನ್‌ನಲ್ಲಿ ಎರಡೂ ಎಳೆ ನಕಲಾಗುತ್ತವೆ. ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಒಂದು ಜೀನ್‌ಗೆ ಒಂದೇ ಎಳೆ. ಎರಡೂ ಎಳೆಗಳಿಂದ ಆರ್‌ಎನ್‌ಎ ಬಂದರೆ ಅವೆರಡೂ ಒಂದಕ್ಕೊಂದು ಪೂರಕ, ಅಂಟಿಕೊಂಡುಬಿಡುತ್ತವೆ, ರೈಬೋಸೋಮ್‌ಗೆ ಓದೋಕೆ ಸಿಗಲ್ಲ.

ಮೇಘನಾ, ಈಗ ನಿನ್ನ ಹಾಳೆಗೆ ಬರೋಣ ಮಗು. ಕೆಳಗಿನ ಎಳೆಯನ್ನ ಟೆಂಪ್ಲೇಟ್ ಅಂತ ಇಟ್ಕೊಂಡು ಎಡದಿಂದ ಜೋಡಿ ಬರಿ. C ಎದುರು G, G ಎದುರು C, T ಎದುರು A, A ಎದುರು U. ಬರೋದು ಇದು:

```
ಟೆಂಪ್ಲೇಟ್      3'-CGTACCGTAAGACCATTGG-5'
ಎಂಆರ್‌ಎನ್‌ಎ     5'-GCAUGGCAUUCUGGUAACC-3'
```

ಇದನ್ನ ಮೇಲಿನ ಎಳೆ ಜೊತೆ ಹೋಲಿಸಿ ನೋಡು. T ಇದ್ದಲ್ಲಿ U ಬಂದಿದೆ, ಮಿಕ್ಕಿದ್ದೆಲ್ಲ ಅಕ್ಷರ ಅಕ್ಷರ ಅದೇ. ಹೀಗೆ ಹೊಂದಿಕೆ ಆಗದೇ ಇದ್ದರೆ ಎಲ್ಲೋ ಒಂದು ಬೇಸ್ ಜಾರಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸಿ ಹುಡುಕು.

ಈಗ 5' ಕಡೆಯಿಂದ ಮೊದಲ AUG ಹುಡುಕು. ಮೊದಲೆರಡು ಅಕ್ಷರ GC ಬಿಟ್ಟು ಮೂರನೇದರಿಂದ ಸಿಗುತ್ತೆ. ಅಲ್ಲಿಂದ ಮೂರು ಮೂರಾಗಿ ಕತ್ತರಿಸು:

```
GC | AUG | GCA | UUC | UGG | UAA | CC
```

AUG ಮೆಥಿಯೋನಿನ್, GCA ಅಲನಿನ್, UUC ಫೀನೈಲ್ ಅಲನಿನ್, UGG ಟ್ರಿಪ್ಟೋಫ್ಯಾನ್, UAA ನಿಲ್ಲು. ನಾಲ್ಕು ಅಮೈನೋ ಆಮ್ಲ ಬಂದವಳದ್ದು ಸರಿ.

ಮೇಘನಾ_ಬಯೋ

ಓ ಸರಿ ಸರ್!! ಹಾಗಾದ್ರೆ ಆರು ಬಂದವಳದ್ದು ಏನಾಗಿರಬಹುದು? ಅವಳೂ ಕೆಳಗಿನ ಎಳೆನೇ ತಗೊಂಡಿದಾಳೆ, ಎಂಆರ್‌ಎನ್‌ಎ ನೀವು ಬರೆದಿದ್ದೇ ಇದೆ.

ಕಿರಣ್

ಮೊದಲ ಅಕ್ಷರದಿಂದಾನೇ ಕತ್ತರಿಸಿರ್ತಾಳೆ. GCA UGG CAU UCU GGU AAC, ಕೊನೇಲಿ ಒಂದು C ಅನಾಥ. ಅಲನಿನ್, ಟ್ರಿಪ್ಟೋಫ್ಯಾನ್, ಹಿಸ್ಟಿಡಿನ್, ಸೆರಿನ್, ಗ್ಲೈಸಿನ್, ಆಸ್ಪರಾಜಿನ್. ಆರು.

ಮೇಷ್ಟ್ರು

ಅದೇ. ಈ ತಪ್ಪು ತುಂಬಾ ಮೋಸದ್ದು, ಯಾಕಂದ್ರೆ ಆರೂ ಕೋಡಾನ್ ಟೇಬಲ್‌ನಲ್ಲಿ ಸಿಗುತ್ತವೆ, ಎಲ್ಲೂ ಅಡ್ಡಿ ಬರಲ್ಲ. ಕೋಡಾನ್‌ಗಳ ಮಧ್ಯೆ ಜಾಗ ಬಿಟ್ಟಿರಲ್ಲ, ಅಲ್ಪವಿರಾಮ ಇರಲ್ಲ, ಎಲ್ಲಿಂದ ಶುರು ಮಾಡ್ತೀರೋ ಅದರ ಮೇಲೆ ಎಲ್ಲಾ ನಿಂತಿರುತ್ತೆ. "ಸರಳಗಣಿತಕಲಿಸು" ಅಂತ ಕೂಡಿಸಿ ಬರೆದಿದ್ದನ್ನ ಒಂದಕ್ಷರ ಬಿಟ್ಟು ಮೂರು ಮೂರಾಗಿ ಓದಿದ್ರೆ "ರಳಗ ಣಿತಕ ಲಿಸು" ಆಗುತ್ತೆ. ನಮಗೆ ಅದು ಅರ್ಥವಿಲ್ಲದ್ದು ಅಂತ ತಕ್ಷಣ ಗೊತ್ತಾಗುತ್ತೆ. ರೈಬೋಸೋಮ್‌ಗೆ ಗೊತ್ತಾಗಲ್ಲ, ಅದಕ್ಕೆ ಯಾವ ಮೂರಕ್ಷರವಾದರೂ ಒಂದೇ.

ಹಾಗಾಗಿ ಎರಡು ಗುರುತು ನೋಡಿ. ಶುರುವಲ್ಲಿ AUG ಇದೆಯಾ, ಅದೇ ಲೆಕ್ಕದಲ್ಲಿ ಮೂರು ಮೂರಾಗಿ ಹೋದ್ರೆ UAA, UAG, UGA ಇವುಗಳಲ್ಲಿ ಒಂದು ಸಿಗುತ್ತಾ. ಆರು ಬಂದವಳದ್ದರಲ್ಲಿ ಎರಡೂ ಇಲ್ಲ.

ಸುಮಾ ಭಟ್

ನನ್ನ ಮಗನಿಗೂ ಇದೇ ಥರದ್ದು ಬಂದಿತ್ತು, ಎಂಆರ್‌ಎನ್‌ಎ ಎಲ್ಲಾ ಸರಿ ಬರೆದಿದ್ದ, ಕೋಡಾನ್ ಸರಿ, ಅಮೈನೋ ಆಮ್ಲ ಸರಿ, ಆದ್ರೂ ಅಂಕ ಕಟ್ ಮಾಡಿದ್ರು. ಯಾಕೆ ಅಂದ್ರೆ 5' 3' ತುದಿ ಬರೆದಿರ್ಲಿಲ್ಲ. ಇನ್ನೊಂದು, ಎಷ್ಟು ಅಮೈನೋ ಆಮ್ಲ ಅಂತ ಕೇಳಿದ್ದಕ್ಕೆ ಹದಿನೈದು ಬೇಸ್ ಭಾಗಿಸು ಮೂರು ಅಂತ ಐದು ಬರೆದ. ಅದಕ್ಕೂ ಕಟ್. ಐದು ಕೋಡಾನ್ ಇದೆ ಅಂದ್ಮೇಲೆ ಐದು ಯಾಕೆ ಆಗಲ್ಲ ಅಂತ ಮನೇಲಿ ಒಂದು ವಾದ. ತುದಿ ಬರೀದೇ ಇದ್ದಿದ್ದಕ್ಕೆ ಕಟ್ ಮಾಡಿದ್ದು ನನಗಂತೂ ಅನ್ಯಾಯ ಅನ್ನಿಸ್ತು.

ಹರ್ಷ_ಮಾಲಿಕ್ಯುಲರ್

ಸುಮಕ್ಕ, ತುದಿ ವಿಷಯದಲ್ಲಿ ನಾನು ಕಟ್ ಮಾಡಿದವರ ಪರ. ಮೇಘನಾ ಬರೆದ CGUACCGUAAGACCAUUGG ನೇ ತಗೊಳ್ಳಿ. ತುದಿ ಬರೆದಿಲ್ಲ ಅಂದ್ರೆ ಓದೋರು ಎಡಗಡೆ 5' ಅಂದ್ಕೊಳ್ತಾರೆ, ಅದು ರೂಢಿ. ಆದ್ರೆ ಅವಳು ಮೇಲಿನ ಎಳೆಗೆ ಎದುರಾಗಿ ಬರೆದಿದ್ದು, ಹಾಗಾಗಿ ಎಡಗಡೆ ಇರೋದು 3'. ಅದನ್ನ ಸರಿಯಾದ ದಿಕ್ಕಲ್ಲಿ, ಬಲದಿಂದ ಎಡಕ್ಕೆ ಓದಿದ್ರೆ ಬೇರೆಯದೇ ಸಂದೇಶ:

```
5'-GGUUACCAGAAUGCCAUGC-3'
```

ಇಲ್ಲಿ AUG ಇದೆ ನೋಡಿ! AUG CCA UGC. ಮೆಥಿಯೋನಿನ್, ಪ್ರೋಲಿನ್, ಸಿಸ್ಟೀನ್, ಅಷ್ಟಕ್ಕೇ ಎಳೆ ಮುಗಿದುಹೋಯ್ತು, ನಿಲ್ಲೋ ಕೋಡಾನೇ ಇಲ್ಲ. ಒಂದೇ ಅಕ್ಷರಗಳು, ಎಡದಿಂದ ಓದಿದ್ರೆ AUG ಇಲ್ಲ, ಬಲದಿಂದ ಓದಿದ್ರೆ ಇದೆ. ತುದಿ ಬರೆಯೋದೂ ಉತ್ತರದ ಭಾಗವೇ.

ಐದೋ ನಾಲ್ಕೋ ಅನ್ನೋದಕ್ಕೆ: ಐದನೇ ಕೋಡಾನ್ UAA ಗೆ ಹೊಂದೋ ಟಿಆರ್‌ಎನ್‌ಎ ಇರಲ್ಲ. ಅಲ್ಲಿಗೆ ರಿಲೀಸ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಬಂದು ಕೂತು ಸರಪಳಿನ ಬಿಡಿಸುತ್ತೆ. ಅದು ಅಮೈನೋ ಆಮ್ಲ ತರಲ್ಲ. ಕೋಡಾನ್ ಐದು, ಅಮೈನೋ ಆಮ್ಲ ನಾಲ್ಕು, ಅವನ್ನ ಜೋಡಿಸೋ ಪೆಪ್ಟೈಡ್ ಬಂಧ ಮೂರು.

ಸುಮಾ ಭಟ್

ಟಿಆರ್‌ಎನ್‌ಎ ಬರಲ್ಲ ಅನ್ನೋದು ಅವನಿಗೆ ಯಾರೂ ಹೇಳಿರ್ಲಿಲ್ಲ ಅನ್ಸುತ್ತೆ, ಇವತ್ತು ತೋರಿಸ್ತೀನಿ. ಅಂಕದ ವಿಷಯದಲ್ಲಿ ಮಾತ್ರ ನಾನು ಒಪ್ಪಲ್ಲ, ಅರ್ಧ ಅಂಕನಾದ್ರೂ ಕೊಡಬಹುದಿತ್ತು.

ಮೇಘನಾ_ಬಯೋ

ಹರ್ಷ ಅಣ್ಣ, ಅದೇ ನನ್ನ ಮುಂದಿನ ಪ್ರಶ್ನೆ. ವರ್ಕ್‌ಶೀಟಲ್ಲಿ ಆಂಟಿಕೋಡಾನ್ ಅಂತ ಒಂದು ಕಾಲಂ ಇದೆ, ಐದು ಖಾನೆ ಕೊಟ್ಟಿದಾರೆ. ಐದನೇದಕ್ಕೆ AUU ಬರೀಬೇಕಾ ಬೇಡ್ವಾ?

ರಾಘು_ಎಸ್

ಖಾಲಿ ಬಿಡ್ಬೇಡ, ಏನಾದ್ರೂ ಬರಿ. AUU ಬರಿ.

ಮೇಷ್ಟ್ರು

ಬೇಡ. ಐದನೇ ಖಾನೇಲಿ ಗೆರೆ ಎಳೆದು "ಟಿಆರ್‌ಎನ್‌ಎ ಇಲ್ಲ, ರಿಲೀಸ್ ಫ್ಯಾಕ್ಟರ್" ಅಂತ ಬರಿ. ಆ ಖಾನೆ ಇಟ್ಟಿರೋದೇ ಇದನ್ನ ಪರೀಕ್ಷೆ ಮಾಡೋಕೆ ಅಂತ ನನ್ನ ಅಂದಾಜು. ಮಿಕ್ಕ ನಾಲ್ಕು ಹೀಗೆ:

```
ಕೋಡಾನ್       5'-AUG-3'  5'-GCA-3'  5'-UUC-3'  5'-UGG-3'
ಆಂಟಿಕೋಡಾನ್   3'-UAC-5'  3'-CGU-5'  3'-AAG-5'  3'-ACC-5'
```

ಇದನ್ನ ಟೆಂಪ್ಲೇಟ್ ಎಳೆ ಪಕ್ಕ ಇಟ್ಟು ನೋಡು, TAC CGT AAG ACC. T ಬದಲು U ಅಷ್ಟೆ. ಆಗಲೇಬೇಕು, ಯಾಕಂದ್ರೆ ಎಂಆರ್‌ಎನ್‌ಎ ಟೆಂಪ್ಲೇಟ್‌ಗೆ ಪೂರಕ, ಆಂಟಿಕೋಡಾನ್ ಮತ್ತೆ ಎಂಆರ್‌ಎನ್‌ಎಗೆ ಪೂರಕ. ತಾಳೆ ನೋಡೋಕೆ ಇದು ಒಳ್ಳೇ ದಾರಿ.

ರಾಘು_ಎಸ್

ಹಾಗಾದ್ರೆ ಶಾರ್ಟ್‌ಕಟ್: ಎಂಆರ್‌ಎನ್‌ಎ ಬೇಕಾ, ಕೋಡಿಂಗ್ ಎಳೆ ಕಾಪಿ ಮಾಡಿ T ನ U ಮಾಡು. ಆಂಟಿಕೋಡಾನ್ ಬೇಕಾ, ಟೆಂಪ್ಲೇಟ್ ಕಾಪಿ ಮಾಡಿ T ನ U ಮಾಡು. ಜೋಡಿ ಬರೆಯೋ ಕೆಲಸನೇ ಇಲ್ಲ.

ಮೇಷ್ಟ್ರು

ತಾಳೆ ನೋಡೋಕೆ ಬಳಸು ಅಂದೆ, ಉತ್ತರ ತೆಗೆಯೋಕೆ ಅಲ್ಲ ಮಾರಾಯ. ಕೋಡಿಂಗ್ ಎಳೆಯಿಂದ ಕಾಪಿ ಮಾಡಿ ಅದನ್ನೇ ಮತ್ತೆ ಕೋಡಿಂಗ್ ಎಳೆ ಜೊತೆ ತಾಳೆ ನೋಡಿದ್ರೆ ಏನು ತಾಳೆ ಆದಂಗಾಯ್ತು? ಎರಡು ಬೇರೆ ದಾರೀಲಿ ಹೋಗಿ ಒಂದೇ ಕಡೆ ಬಂದ್ರೆ ಮಾತ್ರ ನಂಬಿಕೆ ಬರೋದು.

ರಾಘು_ಎಸ್

ಟೈಮ್ ಇರ್ಬೇಕಲ್ಲ ಸರ್ ಪರೀಕ್ಷೇಲಿ.

ಹರ್ಷ_ಮಾಲಿಕ್ಯುಲರ್

ಇದರಲ್ಲಿ ನಾನು ರಾಘು ಕಡೆ. ನಾವು ಲ್ಯಾಬಲ್ಲೂ ಜೀನ್ ಸೀಕ್ವೆನ್ಸ್ ಬರೆಯುವಾಗ ಕೋಡಿಂಗ್ ಎಳೆ ಒಂದನ್ನೇ ಬರೆಯೋದು, ಅದೂ 5' ಎಡಕ್ಕಿಟ್ಟು. ಸೀದಾ ಅದರಿಂದಲೇ ಓದ್ತೀವಿ. ಟೆಂಪ್ಲೇಟ್ ಯಾವುದು ಅನ್ನೋದು ತಲೇಲಿ ಸ್ಪಷ್ಟ ಇದ್ರೆ ಶಾರ್ಟ್‌ಕಟ್ ತಪ್ಪಲ್ಲ.

ದೀಪಾ_ಆರ್

ಸ್ವಲ್ಪ ತಡವಾಗಿ ಬಂದೆ. ಒಂದು ಅನುಮಾನ, "ಮೊದಲ AUG ಇಂದ ಶುರು" ಅನ್ನೋದು ಯಾವಾಗಲೂ ನಿಜನಾ? ಎಂಆರ್‌ಎನ್‌ಎ ಉದ್ದ ಇದ್ರೆ AUG ಎಷ್ಟೋ ಕಡೆ ಬರುತ್ತಲ್ಲ.

ಹರ್ಷ_ಮಾಲಿಕ್ಯುಲರ್

ಒಳ್ಳೇ ಪ್ರಶ್ನೆ ದೀಪಾ ಅವ್ರೆ. ನಮ್ಮಂಥ ಯೂಕ್ಯಾರಿಯೋಟ್ ಜೀವಕೋಶದಲ್ಲಿ ರೈಬೋಸೋಮ್‌ನ ಚಿಕ್ಕ ಭಾಗ ಎಂಆರ್‌ಎನ್‌ಎಯ 5' ತುದಿಯ ಕ್ಯಾಪ್ ಹಿಡ್ಕೊಂಡು ಅಲ್ಲಿಂದ ಹುಡುಕ್ತಾ ಬರುತ್ತೆ, ಸಾಮಾನ್ಯವಾಗಿ ಮೊದಲು ಸಿಗೋ AUGಯಲ್ಲಿ ನಿಲ್ಲುತ್ತೆ. ಆದ್ರೆ ಆ AUG ಅಕ್ಕಪಕ್ಕದ ಬೇಸ್‌ಗಳು ಸರಿ ಇಲ್ಲದಿದ್ರೆ ಕೆಲವೊಮ್ಮೆ ಅದನ್ನ ದಾಟಿ ಮುಂದಕ್ಕೆ ಹೋಗಿಬಿಡುತ್ತೆ. ಬ್ಯಾಕ್ಟೀರಿಯಾದಲ್ಲಿ ಬೇರೆ ಥರ, AUGಗೆ ಸ್ವಲ್ಪ ಹಿಂದೆ AGGAGG ಥರದ ಒಂದು ತುಣುಕು ಇರುತ್ತೆ, ರೈಬೋಸೋಮ್‌ನ ಆರ್‌ಎನ್‌ಎ ಅದಕ್ಕೆ ಜೋಡಿಯಾಗಿ ನಿಂತ್ಕೊಳ್ಳುತ್ತೆ, ಅದರ ಮುಂದಿನ AUG ಇಂದ ಶುರು. ಅದಕ್ಕೇ ಬ್ಯಾಕ್ಟೀರಿಯಾದ ಒಂದೇ ಎಂಆರ್‌ಎನ್‌ಎಯಿಂದ ಎರಡು ಮೂರು ಬೇರೆ ಬೇರೆ ಪ್ರೋಟೀನ್ ಬರೋದು.

ಶುರು ಆದ್ಮೇಲೆ ಮಧ್ಯದಲ್ಲಿ ಸಿಗೋ AUG ಬರೀ ಮೆಥಿಯೋನಿನ್ ಅಷ್ಟೆ. ಮೇಘನಾದ ಹಾಳೇಲಿ AUG ಹಿಂದೆ ಎರಡೇ ಅಕ್ಷರ ಇದೆ, ನಿಜವಾದ ಜೀವಕೋಶದಲ್ಲಿ ಅಷ್ಟು ಚಿಕ್ಕ ಜಾಗ ಸಾಲಲ್ಲ, ಅದು ಅಭ್ಯಾಸಕ್ಕೆ ಮಾಡಿದ ತುಂಡು.

ಮೇಘನಾ_ಬಯೋ

ಥ್ಯಾಂಕ್ಸ್ ಎಲ್ರಿಗೂ. ಇನ್ನೆರಡು ಉಳಿದಿವೆ. ಒಂದು, ಇದೇ ಡಿಎನ್‌ಎಯಲ್ಲಿ ರೆಪ್ಲಿಕೇಷನ್ ಫೋರ್ಕ್ ಎಡದಿಂದ ಬಲಕ್ಕೆ ಬಿಚ್ಕೊಳ್ತಾ ಹೋದ್ರೆ ಯಾವ ಎಳೆ ಮೇಲೆ ಹೊಸ ಎಳೆ ಬಿಡದೆ ಬೆಳೆಯುತ್ತೆ, ಯಾವುದರ ಮೇಲೆ ಓಕಜಾಕಿ ತುಣುಕು ಬರುತ್ತೆ. ಎರಡು, ಮೇಲಿನ ಎಳೆಯ ಏಳನೇ ಬೇಸ್ C ಬಿಟ್ಟುಹೋದ್ರೆ ಪ್ರೋಟೀನ್ ಏನಾಗುತ್ತೆ.

ರಾಘು_ಎಸ್

ಒಂದಕ್ಕೆ: ಕೆಳಗಿನ ಎಳೆ ಮೇಲೆ ಬಿಡದೆ ಬೆಳೆಯುತ್ತೆ, ಲೀಡಿಂಗ್. ಮೇಲಿನದರ ಮೇಲೆ ಓಕಜಾಕಿ, ಲ್ಯಾಗಿಂಗ್. ಟೆಂಪ್ಲೇಟ್ ಎಳೆ ಲೀಡಿಂಗ್, ಕೋಡಿಂಗ್ ಎಳೆ ಲ್ಯಾಗಿಂಗ್, ಹಾಗೇ ನೆನಪಿಟ್ಕೋ.

ಹರ್ಷ_ಮಾಲಿಕ್ಯುಲರ್

ಮತ್ತೆ ಅದೇ ಕಥೆ! ಉತ್ತರ ಸರಿ, ರೂಲ್ ತಪ್ಪು. ಟ್ರಾನ್ಸ್‌ಕ್ರಿಪ್ಷನ್‌ನ ಟೆಂಪ್ಲೇಟ್‌ಗೂ ರೆಪ್ಲಿಕೇಷನ್‌ನ ಲೀಡಿಂಗ್‌ಗೂ ಏನೂ ಸಂಬಂಧ ಇಲ್ಲ, ಇಲ್ಲಿ ಪ್ರೊಮೋಟರೂ ಫೋರ್ಕೂ ಎರಡೂ ಎಡದಿಂದ ಬಲಕ್ಕೆ ಹೋಗ್ತಿರೋದ್ರಿಂದ ಹೊಂದ್ಕೊಂಡಿದೆ ಅಷ್ಟೆ.

ದಿಕ್ಕಿನ ಮೇಲೆ ಯೋಚಿಸು. ಡಿಎನ್‌ಎ ಪಾಲಿಮರೇಸ್ ಕೂಡ ಹೊಸ ಎಳೆಯ 3' ತುದಿಗೆ ಮಾತ್ರ ಸೇರಿಸುತ್ತೆ. ಕೆಳಗಿನ ಹಳೇ ಎಳೆ ಎದುರು ಹೊಸದು ಎಡದಿಂದ ಬಲಕ್ಕೆ ಬೆಳೆಯುತ್ತೆ, ಫೋರ್ಕ್ ಕೂಡ ಆ ಕಡೆಗೇ ಹೋಗ್ತಿದೆ, ಹಾಗಾಗಿ ಒಂದು ಸಲ ಪ್ರೈಮರ್ ಸಿಕ್ಕಿದ್ರೆ ಹಿಂದೇನೇ ಓಡ್ತಾ ಹೋಗಬಹುದು. ಮೇಲಿನ ಹಳೇ ಎಳೆ ಎದುರು ಹೊಸದು ಬಲದಿಂದ ಎಡಕ್ಕೆ ಬೆಳೀಬೇಕು, ಅಂದ್ರೆ ಫೋರ್ಕ್‌ಗೆ ಬೆನ್ನು ಹಾಕಿ. ಫೋರ್ಕ್ ಇನ್ನಷ್ಟು ಬಿಚ್ಕೊಂಡಾಗ ಹೊಸ ಜಾಗ ಬಲಗಡೆ ಸಿಗುತ್ತೆ, ಮತ್ತೆ ಅಲ್ಲಿ ಹೊಸ ಆರ್‌ಎನ್‌ಎ ಪ್ರೈಮರ್ ಹಾಕಿ ಶುರು ಮಾಡ್ಬೇಕು. ಅದಕ್ಕೇ ತುಣುಕು ತುಣುಕು, ಕೊನೇಗೆ ಪ್ರೈಮರ್ ತೆಗೆದು ತುಂಬಿ ಲೈಗೇಸ್ ಅಂಟಿಸುತ್ತೆ. ಬ್ಯಾಕ್ಟೀರಿಯಾದಲ್ಲಿ ಒಂದು ತುಣುಕು ಸುಮಾರು 1000 ಇಂದ 2000 ನ್ಯೂಕ್ಲಿಯೋಟೈಡ್, ನಮ್ಮಲ್ಲಿ 100 ಇಂದ 200.

ನಿಜವಾದ ರೆಪ್ಲಿಕೇಷನ್ ಒಂದು ಜಾಗದಲ್ಲಿ ಶುರುವಾಗಿ ಎರಡೂ ಕಡೆಗೆ ಬಿಚ್ಕೊಳ್ಳುತ್ತೆ. ಎಡಕ್ಕೆ ಹೋಗೋ ಫೋರ್ಕಲ್ಲಿ ಇದೇ ಮೇಲಿನ ಎಳೆ ಮೇಲೆ ಬಿಡದೆ ಬೆಳೆಯುತ್ತೆ, ಕೆಳಗಿನದರ ಮೇಲೆ ತುಣುಕು. ಒಂದೇ ಹಳೇ ಎಳೆ, ಒಂದೇ ಗುಳ್ಳೆ, ಎಡಕ್ಕೊಂದು ಕೆಲಸ ಬಲಕ್ಕೊಂದು ಕೆಲಸ. ಚಿತ್ರದಲ್ಲಿ ಫೋರ್ಕ್‌ನ ದಿಕ್ಕಿಗೆ ಬಾಣ ಹಾಕದೆ ಲೀಡಿಂಗ್ ಅಂತ ಬರೆದ್ರೆ ಅದು ಸರಿನೋ ತಪ್ಪೋ ಅಂತ ಹೇಳೋಕೇ ಆಗಲ್ಲ.

ತೌಸೀಫ್

ಓಹ್, ಗುಳ್ಳೆಯ ಅರ್ಧ ಅರ್ಧಕ್ಕೆ ಬೇರೆ ಅನ್ನೋದು ಈಗ ಸ್ಪಷ್ಟ ಆಯ್ತು. ಹಾಗಾದ್ರೆ ಇ. ಕೋಲಿಲಿ ಎರಡು ಫೋರ್ಕ್, 46 ಲಕ್ಷ ಬೇಸ್ ಜೋಡಿ, ಸೆಕೆಂಡಿಗೆ ಒಂದು ಫೋರ್ಕ್ ಸುಮಾರು ಸಾವಿರ ಅಂದ್ರೆ 2300 ಸೆಕೆಂಡ್, ಹತ್ರ ಹತ್ರ 40 ನಿಮಿಷ. ಆದ್ರೆ ಅದು 20 ನಿಮಿಷಕ್ಕೆ ಒಂದ್ಸಲ ಒಡೆಯುತ್ತೆ ಅಂತಾರಲ್ಲ, ಡಿಎನ್‌ಎ ಮುಗಿಯೋ ಮುಂಚೆ ಹೇಗೆ ಒಡೆಯುತ್ತೆ?

ಹರ್ಷ_ಮಾಲಿಕ್ಯುಲರ್

ಮೊದಲನೇ ಸುತ್ತು ಮುಗಿಯೋ ಮುಂಚೆನೇ ಎರಡನೇ ಸುತ್ತು ಶುರು ಮಾಡಿಬಿಡುತ್ತೆ. ಆಹಾರ ಚೆನ್ನಾಗಿದ್ದಾಗ ಮಗಳ ಕೋಶಕ್ಕೆ ಸಿಗೋ ಕ್ರೋಮೋಸೋಮ್ ಆಗಲೇ ಅರ್ಧ ನಕಲಾಗಿರುತ್ತೆ. ಆದ್ರೆ ಅದಕ್ಕೆ ಬೇರೆ ಥ್ರೆಡ್ ಮಾಡಿ ತೌಸೀಫ್, ಇಲ್ಲಿ ಹುಡುಗಿ ಹಾಳೆ ಮುಗಿಸ್ಬೇಕು.

ಕಿರಣ್

ಎರಡನೇದು ನಾನು ಮಾಡಿದೀನಿ. C ತೆಗೆದ್ರೆ ಎಂಆರ್‌ಎನ್‌ಎ ಹೀಗಾಗುತ್ತೆ:

```
GC | AUG | GAU | UCU | GGU | AAC | C
```

ಮೆಥಿಯೋನಿನ್, ಆಸ್ಪಾರ್ಟಿಕ್ ಆಮ್ಲ, ಸೆರಿನ್, ಗ್ಲೈಸಿನ್, ಆಸ್ಪರಾಜಿನ್. UAA ಕಾಣೆ. ಬೇಸ್ ಕಡಿಮೆ ಆಗಿದ್ರೂ ಅಮೈನೋ ಆಮ್ಲ ನಾಲ್ಕರಿಂದ ಐದಾಯ್ತು, ಇದು ಸರಿನಾ?

ಮೇಷ್ಟ್ರು

ಸರಿ ಕಿರಣ್. ಮೆಥಿಯೋನಿನ್ ಬಿಟ್ಟು ಮಿಕ್ಕಿದ್ದೆಲ್ಲ ಬದಲಾಯ್ತು. ಇನ್ನೊಂದು ಗಮನಿಸಿ, ಕೊನೇ ಮೂರು ಸೆರಿನ್, ಗ್ಲೈಸಿನ್, ಆಸ್ಪರಾಜಿನ್. ಮೇಘನಾಳ ಗೆಳತಿಯ ಆರರಲ್ಲಿ ಕೊನೇ ಮೂರೂ ಇವೇ. ಅವಳು ಎರಡಕ್ಷರ ಮುಂಚೆ ಕತ್ತರಿಸೋಕೆ ಶುರು ಮಾಡಿದ್ದರಿಂದ ಜಾರಿದಳು, ಇಲ್ಲಿ ಒಂದಕ್ಷರ ಹೋದದ್ದರಿಂದ ಜಾರಿತು, ಎರಡೂ ಹೋಗಿ ಬಿದ್ದದ್ದು ಒಂದೇ ಫ್ರೇಮ್‌ಗೆ. UAA ಅಕ್ಷರಗಳು ಎಲ್ಲೂ ಹೋಗಿಲ್ಲ, GGUAAC ಒಳಗೆ ಹಾಗೇ ಕೂತಿವೆ, GGU ಮತ್ತೆ AAC ನಡುವೆ ಹಂಚಿಹೋಗಿರೋದರಿಂದ ರೈಬೋಸೋಮ್‌ಗೆ ಕಾಣಲ್ಲ.

ಅದೇ C ಕಳೆಯದೆ, ಅದರ ಮುಂದಿನ A ಮಾತ್ರ G ಆಗಿದ್ರೆ GCA ಹೋಗಿ GCG ಆಗ್ತಿತ್ತು, ಅದೂ ಅಲನಿನ್ನೇ, ಏನೂ ಬದಲಾಗ್ತಿರಲಿಲ್ಲ.

ಮೇಘನಾ_ಬಯೋ

ಸರ್, ಅಣ್ಣ, ಎಲ್ಲಾ ಸೇರಿಸಿ ಕೊನೇ ಚಿತ್ರ ಹೀಗೆ ಮಾಡಿದೀನಿ, ನೋಡಿ:

```
ಡಿಎನ್‌ಎ ─────> ಡಿಎನ್‌ಎ
  ರೆಪ್ಲಿಕೇಷನ್ | ಡಿಎನ್‌ಎ ಪಾಲಿಮರೇಸ್ | ಎರಡೂ ಎಳೆ | ನ್ಯೂಕ್ಲಿಯಸ್

ಡಿಎನ್‌ಎ ─────> ಎಂಆರ್‌ಎನ್‌ಎ
  ಟ್ರಾನ್ಸ್‌ಕ್ರಿಪ್ಷನ್ | ಆರ್‌ಎನ್‌ಎ ಪಾಲಿಮರೇಸ್ | ಕೆಳಗಿನ ಎಳೆ | ನ್ಯೂಕ್ಲಿಯಸ್

ಎಂಆರ್‌ಎನ್‌ಎ ─────> ಪ್ರೋಟೀನ್
  ಟ್ರಾನ್ಸ್‌ಲೇಷನ್ | ರೈಬೋಸೋಮ್, ಟಿಆರ್‌ಎನ್‌ಎ | AUG ಇಂದ UAA | ಸೈಟೋಪ್ಲಾಸಂ
```

ಆರ್‌ಎನ್‌ಎಯಿಂದ ಡಿಎನ್‌ಎಗೆ ವಾಪಸ್ ಬಾಣ ಹಾಕ್ಬೇಕಾ ಅಂತ ಗೊತ್ತಾಗ್ತಿಲ್ಲ.

ರಾಘು_ಎಸ್

ಹಾಕ್ಬೇಡ. ಕೇಳಿರೋದು ಮೂರು, ಕೊಡೋದು ಮೂರು.

ದೀಪಾ_ಆರ್

ನಾನು ಹಾಕು ಅಂತೀನಿ, ಚುಕ್ಕೆ ಗೆರೇಲಿ. ರೆಟ್ರೋವೈರಸ್‌ಗಳಲ್ಲಿ ಆಗುತ್ತಲ್ಲ, 1970ರಲ್ಲಿ ಟೆಮಿನ್ ಮತ್ತೆ ಬಾಲ್ಟಿಮೋರ್ ಬೇರೆ ಬೇರೆಯಾಗಿ ಆ ಕಿಣ್ವ ತೋರಿಸಿದ್ದು, 1975ರಲ್ಲಿ ನೊಬೆಲ್ ಬಂತು. ಫ್ರಾನ್ಸಿಸ್ ಕ್ರಿಕ್ ಕೂಡ 1970ರ ಲೇಖನದಲ್ಲಿ ಎಲ್ಲಾ ಕೋಶಗಳಲ್ಲಿ ಆಗೋದಕ್ಕೆ ಗಟ್ಟಿ ಗೆರೆ, ವಿಶೇಷ ಸಂದರ್ಭದ್ದಕ್ಕೆ ಚುಕ್ಕೆ ಗೆರೆ ಹಾಕಿದ್ರು. ಪ್ರೋಟೀನ್‌ನಿಂದ ವಾಪಸ್ ಹೋಗೋ ಬಾಣ ಮಾತ್ರ ಅವರ ಚಿತ್ರದಲ್ಲಿ ಒಂದೂ ಇಲ್ಲ.

ತೌಸೀಫ್

ಪ್ರಯಾನ್? ಪ್ರೋಟೀನ್ ಇಂದ ಪ್ರೋಟೀನ್‌ಗೆ ಹೋಗುತ್ತಲ್ಲ?

ದೀಪಾ_ಆರ್

ಅಲ್ಲಿ ಹರಡೋದು ಆಕಾರ. ಅಮೈನೋ ಆಮ್ಲಗಳ ಸಾಲು ಆ ಜೀವಿಯ ಸ್ವಂತ ಜೀನ್‌ನಿಂದಲೇ ಬಂದಿರುತ್ತೆ, ಆಗಲೇ ತಯಾರಾಗಿರೋ ಪ್ರೋಟೀನ್‌ನ ಮಡಿಕೆ ಬದಲಾಗುತ್ತೆ. ಅದನ್ನೂ ಮಾಹಿತಿ ಅನ್ಬೇಕು ಅನ್ನೋರು ಇದಾರೆ, ನಾನಂತೂ ಈ ಚಿತ್ರಕ್ಕೆ ತರಲ್ಲ.

ಹರ್ಷ_ಮಾಲಿಕ್ಯುಲರ್

ಚುಕ್ಕೆ ಬಾಣಕ್ಕೆ ನನ್ನದೂ ಒಪ್ಪಿಗೆ. ಇನ್ನೊಂದು, "ಕೆಳಗಿನ ಎಳೆ" ಅಂತ ಲೇಬಲ್ ಹಾಕಿದ್ದೀಯಲ್ಲ, ಅದರ ಪಕ್ಕ ಪ್ರೊಮೋಟರ್ ಎಡಕ್ಕೆ ಅಂತಲೂ ಬರಿ, ಇಲ್ಲಾಂದ್ರೆ ಆ ಲೇಬಲ್‌ಗೆ ಆಧಾರ ಇಲ್ಲ. ನ್ಯೂಕ್ಲಿಯಸ್ ಅಂತ ಬರೆದ್ರೆ ಅದು ಯೂಕ್ಯಾರಿಯೋಟ್‌ಗೆ ಮಾತ್ರ, ಬ್ಯಾಕ್ಟೀರಿಯಾದಲ್ಲಿ ಎಂಆರ್‌ಎನ್‌ಎ ಇನ್ನೂ ತಯಾರಾಗ್ತಿರುವಾಗಲೇ ಅದರ 5' ತುದಿಗೆ ರೈಬೋಸೋಮ್ ಹತ್ಕೊಂಡು ಓದೋಕೆ ಶುರು ಮಾಡಿರುತ್ತೆ.

ಮೇಷ್ಟ್ರು

ಬಾಣ ಹಾಕೋದಾದ್ರೆ ಅದಕ್ಕೂ ಕಿಣ್ವದ ಹೆಸರು ಬರಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಹೆಸರಿಲ್ಲದ ಬಾಣಕ್ಕೆ ನಾನಾದ್ರೆ ಅಂಕ ಕೊಡಲ್ಲ. ಆದರೆ ರಾಘು ಹೇಳಿದ್ದನ್ನೂ ತಳ್ಳಿಹಾಕೋಕೆ ಆಗಲ್ಲ, ಹಾಳೇಲಿ ಕೇಳಿರೋದು ಈ ತುಂಡು ಡಿಎನ್‌ಎಯ ಮಾಹಿತಿ ಹರಿಯೋ ದಾರಿ, ಇದರಲ್ಲಿ ವೈರಸ್ ಎಲ್ಲೂ ಇಲ್ಲ.

ಮೇಘನಾ_ಬಯೋ

ಸರಿ ಸರ್, ಮೂರು ಬಾಣ ಗಟ್ಟಿ ಗೆರೇಲಿ ಹಾಕಿ ಪ್ರೊಮೋಟರ್ ಎಡಕ್ಕೆ ಅಂತ ಬರೀತೀನಿ, ಯೂಕ್ಯಾರಿಯೋಟ್ ಅಂತಲೂ ತಲೆಬರಹ ಕೊಡ್ತೀನಿ. ನಾಲ್ಕನೇದನ್ನ ಚುಕ್ಕೆ ಗೆರೇಲಿ ಮೂಲೇಲಿ ಬೇರೆ ಹಾಕಿ ಕಿಣ್ವದ ಹೆಸರು ಬರೆದು ನಮ್ಮ ಮೇಡಂ ಹತ್ರ ಕೇಳ್ತೀನಿ.

ರಾಘು_ಎಸ್

ಮೇಡಂ ಬೇಡ ಅಂದ್ರೆ ನನ್ನ ಹೆಸರು ಹೇಳು :)

ಸುಮಾ ಭಟ್

ಮೇಘನಾ, ಮೂರೂ ಬಾಣದ ಪಕ್ಕ 5' 3' ಬರಿಯಮ್ಮ ಮರೀಬೇಡ.